18 ಸಾವಿರ ಫಾಲೋವರ್, 41 ವಿಳಾಸ

ನನ್ನ ತಾರಸಿ ತೋಟದ ಇನ್‌ಸ್ಟಾಗ್ರಾಂ ಪೇಜಿಗೆ 18 ಸಾವಿರ ಜನ ಆದ ದಿನ ಮನೆಯಲ್ಲಿ ಕೇಸರಿಬಾತ್ ಮಾಡಿದ್ದೆ. ಅದೇ ವಾರ ಬಯೋದಲ್ಲಿ ಒಂದು ಲಿಂಕ್ ಹಾಕಿದೆ. 'ನನ್ನ ನ್ಯೂಸ್‌ಲೆಟರ್‌ಗೆ ಸಬ್‌ಸ್ಕ್ರೈಬ್ ಆಗಿ' ಅಂತ. ಒಂದು ತಿಂಗಳು ಕಳೆದ ಮೇಲೆ ಎಣಿಸಿದರೆ ಬಂದದ್ದು 41 ವಿಳಾಸ. ಅದರಲ್ಲಿ ಒಂದು ನನ್ನದೇ, ಟೆಸ್ಟ್ ಮಾಡಲು ಹಾಕಿದ್ದು. ಇನ್ನೊಂದು ನಮ್ಮ ಅತ್ತಿಗೆಯದು.

ಇಮೇಲ್ ಪತ್ರದ ಯೋಚನೆ ತಲೆಗೆ ಹೊಕ್ಕಿದ್ದು ಅದಕ್ಕೂ ಬಹಳ ಹಿಂದೆ, 2020ರ ಜೂನ್ ಕೊನೆಯಲ್ಲಿ. ಆಗ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ಸರ್ಕಾರ ನಿಷೇಧಿಸಿತು. ಕನ್ನಡದಲ್ಲಿ ವಿಡಿಯೋ ಮಾಡುತ್ತಿದ್ದ ಎಷ್ಟೋ ಮಂದಿಗೆ ತಮ್ಮನ್ನು ನೋಡುತ್ತಿದ್ದ ಜನ ಯಾರು, ಎಲ್ಲಿಯವರು ಅನ್ನೋದೇ ಗೊತ್ತಿರಲಿಲ್ಲ. ಒಂದು ಫೋನ್ ನಂಬರ್ ಇಲ್ಲ, ವಿಳಾಸ ಇಲ್ಲ. 'ನಾನು ಇನ್ನು ಮೇಲೆ ಇಲ್ಲಿರ್ತೀನಿ' ಅಂತ ಹೇಳುವುದಕ್ಕೂ ದಾರಿ ಇರಲಿಲ್ಲ. ಇಮೇಲ್ ವಿಳಾಸದ ಪಟ್ಟಿ ಹಾಗಲ್ಲ. ಅದು ಒಂದು ಸಾಮಾನ್ಯ ಸಿಎಸ್‌ವಿ ಫೈಲ್. ಪತ್ರ ಕಳಿಸುವ ಸೇವೆ ಬೇಡ ಅನಿಸಿದರೆ ಆ ಫೈಲ್ ಇಳಿಸಿಕೊಂಡು ಬೇರೆ ಕಡೆ ಹೋಗಬಹುದು.

ಆದರೆ ಜನ ಬರಬೇಕಲ್ಲ?

ತಪ್ಪು ನನ್ನ ಆ ಒಂದು ಸಾಲಿನಲ್ಲೇ ಇತ್ತು. 'ನ್ಯೂಸ್‌ಲೆಟರ್' ಅಂದರೆ ನಮ್ಮ ಓದುಗರಿಗೆ ಏನೂ ಅಲ್ಲ. ಅವರ ಪಾಲಿಗೆ ಇಮೇಲ್ ಅಂದರೆ ಆಫೀಸು, ಬ್ಯಾಂಕ್ ಸ್ಟೇಟ್‌ಮೆಂಟ್, ಟ್ರೈನ್ ಟಿಕೆಟ್. 'ಮೇಡಂ, ವಾಟ್ಸಾಪ್‌ನಲ್ಲೇ ಕಳಿಸಿಬಿಡಿ' ಅಂದವರು ಎಷ್ಟು ಜನರೋ! ಸುಮ್ನೆ 'ಸೇರಿಕೊಳ್ಳಿ' ಅಂದರೆ ಯಾಕೆ ಸೇರುತ್ತಾರೆ?

ಮೇ ಕೊನೆಯಲ್ಲಿ ಬೇರೆ ದಾರಿ ಹಿಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈಸೂರಿನ ಹವೆಗೆ ಯಾವ ತಿಂಗಳು ಯಾವ ಬೀಜ ಹಾಕಬೇಕು, ಎಷ್ಟು ದೊಡ್ಡ ಕುಂಡ ಬೇಕು ಅಂತ ಒಂದೇ ಪುಟದ ಚಾರ್ಟ್ ಮಾಡಿದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥದ್ದು. ಅದರ ಫೋಟೊ ಹಾಕಿ, 'ಬೇಕಾದವರು ಬೀಜ ಅಂತ ಕಮೆಂಟ್ ಮಾಡಿ' ಎಂದು ಬರೆದೆ. ಪೋಸ್ಟಿನ ಕೆಳಗೆ ಲಿಂಕ್ ಬರೆದರೆ ಅದನ್ನು ಒತ್ತಲು ಬರುವುದಿಲ್ಲ. ಬಯೋಗೆ ಹೋಗಿ ಹುಡುಕುವಷ್ಟು ತಾಳ್ಮೆ ಯಾರಿಗೂ ಇಲ್ಲ. ಮೆಸೇಜಿನಲ್ಲಿ ಕಳಿಸಿದ ಲಿಂಕ್ ಮಾತ್ರ ಒತ್ತಿದ ಕೂಡಲೇ ತೆರೆಯುತ್ತದೆ. ಹಾಗಾಗಿ ಕಮೆಂಟ್ ಮಾಡಿದ ಒಬ್ಬೊಬ್ಬರಿಗೂ ಕೈಯಾರೆ ಮೆಸೇಜ್ ಕಳಿಸಿದೆ. ಇದನ್ನು ತಾನಾಗಿಯೇ ಮಾಡುವ ಆ್ಯಪ್‌ಗಳಿವೆ. ಆದರೆ ನನಗೆ ಲಿಂಕಿನ ಜೊತೆ ಒಂದು ಮಾತು ಕೇಳಬೇಕಿತ್ತು: 'ನಿಮ್ಮದು ತಾರಸಿಯಾ, ಬಾಲ್ಕನಿಯಾ?' ಇದಕ್ಕೆ ಉತ್ತರ ಕೊಟ್ಟವರೇ ಮುಂದೆ ಪತ್ರಗಳಿಗೂ ಜಾಸ್ತಿ ಉತ್ತರ ಬರೆದರು. ಮಾತು ಅಲ್ಲೇ ಶುರುವಾಗಿತ್ತು ಅಂತ ಕಾಣುತ್ತೆ.

ಹತ್ತು ದಿನದಲ್ಲಿ 340 ಜನ ವಿಳಾಸ ಕೊಟ್ಟರು. ಅದರಲ್ಲಿ 271 ಜನ, 'ಹೌದು, ಇದು ನನ್ನದೇ ವಿಳಾಸ' ಅಂತ ಖಚಿತಪಡಿಸುವ ಮೇಲ್ ಒತ್ತಿದರು. ಉಳಿದ 69 ಹೋಯಿತಲ್ಲ ಅಂತ ಮೊದಲು ಬೇಜಾರಾಯಿತು. ಆಮೇಲೆ ಪಟ್ಟಿ ನೋಡಿದೆ. `gmial.com`, `gmail.con` ಅಂತ ಬರೆದವರೇ ಒಂದು ಡಜನ್. ಖಚಿತಪಡಿಸುವ ಹಂತ ಇಲ್ಲದಿದ್ದರೆ ಪ್ರತಿ ವಾರ ಆ ಪತ್ರಗಳು ಗೋಡೆಗೆ ಬಡಿದು ವಾಪಸ್ ಬರುತ್ತಿದ್ದವು. ಹಾಗೆ ವಾಪಸ್ ಬರುವ ಪತ್ರಗಳು ಹೆಚ್ಚಾದಷ್ಟೂ ಕಳಿಸುವವರ ಹೆಸರು ಕೆಡುತ್ತದೆ, ಸರಿಯಾದ ವಿಳಾಸಕ್ಕೆ ಹೋಗುವ ಪತ್ರವೂ ಸ್ಪ್ಯಾಮ್‌ಗೆ ಬೀಳಲು ಶುರುವಾಗುತ್ತದೆ.

ಅಲ್ಲಿಗೆ 312 ಜನ. ಶನಿವಾರ ಬೆಳಿಗ್ಗೆ ಆರೂವರೆಗೆ ಪತ್ರ ಹೋಗುತ್ತದೆ ಅಂತ ಮಾತು ಕೊಟ್ಟೆ. ವಾರಾಂತ್ಯದಲ್ಲೇ ಅಲ್ವಾ ನಮ್ಮ ಜನ ಗಿಡದ ಹತ್ತಿರ ಹೋಗುವುದು.

ಮೊದಲ ಐದು ವಾರ ಐದು ಪತ್ರ ಹೋದವು. ಒಂದಕ್ಕೂ ಉತ್ತರ ಬರಲಿಲ್ಲ. ಪ್ರತಿ ಪತ್ರದ ಕೊನೆಯಲ್ಲಿ 'ನಿಮ್ಮ ಅನಿಸಿಕೆ ತಿಳಿಸಿ' ಅಂತ ಬರೆದಿದ್ದೆ. ಆರನೆಯ ವಾರ ಅತ್ತಿಗೆ ಫೋನ್ ಮಾಡಿ, 'ಏನೇ, ನಿಂಗೆ ಎರಡು ಸಲ ಉತ್ತರ ಬರೆದೆ, ಮಾತೇ ಇಲ್ಲ?' ಅಂದರು.

ಎದೆ ಧಸಕ್ಕೆಂದಿತು. ಪತ್ರ ಕಳಿಸುವ ಸೇವೆಯಲ್ಲಿ ಎರಡು ವಿಳಾಸ ತುಂಬಬಹುದು. ಪತ್ರ ಯಾರಿಂದ ಬಂತು ಅಂತ ತೋರಿಸುವ ವಿಳಾಸ ಒಂದು, ಓದುಗರು ಉತ್ತರ ಒತ್ತಿದರೆ ಅದು ಹೋಗಿ ಸೇರುವ ವಿಳಾಸ ಇನ್ನೊಂದು. ಈ ಎರಡನೆಯದನ್ನು `Reply-To` ಅನ್ನುತ್ತಾರೆ. ಅಲ್ಲಿ ನಾನು ವರ್ಷಗಳ ಹಿಂದೆ ಬಿಟ್ಟುಬಿಟ್ಟ ಒಂದು ಹಳೆಯ ಮೇಲ್ ತುಂಬಿದ್ದೆ. ಪಾಸ್‌ವರ್ಡ್ ನೆನಪು ಮಾಡಿಕೊಂಡು ಒಳಗೆ ಹೋಗುವಷ್ಟರಲ್ಲಿ ರಾತ್ರಿ ಹನ್ನೊಂದಾಯಿತು. ಹನ್ನೊಂದು ಉತ್ತರಗಳು ಕಾದು ಕುಳಿತಿದ್ದವು. ಮಂಡ್ಯದ ಕಡೆಯ ಒಬ್ಬರು ಎರಡನೆಯ ವಾರ ಬರೆದಿದ್ದರು: 'ಮೇಡಂ, ಟೊಮೇಟೊ ಎಲೆ ಮುದುರಿಕೊಳ್ತಾ ಇದೆ. ಏನು ಮಾಡಲಿ?' ನಾಲ್ಕನೆಯ ವಾರ ಮತ್ತೆ ಅವರೇ: 'ನೀವು ಉತ್ತರ ಕೊಡಲ್ಲ ಅಂತ ಕಾಣುತ್ತೆ. ಇರಲಿ ಬಿಡಿ.'

ಆ 'ಇರಲಿ ಬಿಡಿ' ಬಹಳ ದಿನ ಚುಚ್ಚಿತು. ಎಲೆ ಮುದುರುವ ವೈರಸ್ಸನ್ನು ಹರಡುವುದು ಬಿಳಿ ನೊಣ. ಶುರುವಿನಲ್ಲೇ ಒಂದೆರಡು ಗಿಡ ಕಿತ್ತರೆ ಉಳಿದವು ಬದುಕುವ ಸಾಧ್ಯತೆ ಇರುತ್ತದೆ. ಎರಡು ವಾರ ಬಿಟ್ಟರೆ ಕಷ್ಟ. ನನಗೆ ಉತ್ತರ ಗೊತ್ತಿತ್ತು, ಪ್ರಶ್ನೆ ತಲುಪಿರಲಿಲ್ಲ. ಅಂದು ರಾತ್ರಿಯೇ ಹನ್ನೊಂದು ಜನರಿಗೂ ಕ್ಷಮೆ ಕೇಳಿ ಬರೆದೆ. ಈಗಲೂ ಹೊಸದಾಗಿ ಏನು ಬದಲಿಸಿದರೂ, ನನ್ನದೇ ಇನ್ನೊಂದು ಮೇಲ್‌ನಿಂದ ಪತ್ರಕ್ಕೆ ಉತ್ತರ ಒತ್ತಿ, ಅದು ಎಲ್ಲಿ ಹೋಗಿ ಬೀಳುತ್ತದೆ ಅಂತ ನೋಡಿಯೇ ಮುಂದಿನ ಕೆಲಸ.

ಆದರೂ ಐದು ವಾರಕ್ಕೆ ಹನ್ನೊಂದು ಉತ್ತರ ಕಮ್ಮಿಯೇ. ಉತ್ತರ ಯಾಕೆ ಬರುವುದಿಲ್ಲ ಅಂತ ನನ್ನನ್ನೇ ಕೇಳಿಕೊಂಡೆ. 'ಅನಿಸಿಕೆ ತಿಳಿಸಿ' ಅಂದರೆ ಓದಿದವರು ಏನು ಬರೆಯಬೇಕು? 'ಚೆನ್ನಾಗಿದೆ' ಅನ್ನಬೇಕು, ಅಷ್ಟೇ. ಅದನ್ನು ಬರೆಯಲು ಯಾರೂ ಫೋನಿನಲ್ಲಿ ಕನ್ನಡ ಕೀಬೋರ್ಡ್ ತೆಗೆಯುವುದಿಲ್ಲ.

ಹೊಸದಾಗಿ ಸೇರಿದವರಿಗೆ ಖಚಿತಪಡಿಸಿದ ಕೂಡಲೇ ಒಂದು ಸ್ವಾಗತದ ಪತ್ರ ತಾನಾಗಿಯೇ ಹೋಗುತ್ತದೆ. ಚಾರ್ಟ್ ಅದರಲ್ಲೇ ಇರುವುದರಿಂದ ಅದನ್ನು ತೆರೆಯದವರು ಕಮ್ಮಿ. ಅಲ್ಲಿ ನನ್ನ ಬಗ್ಗೆ ಉದ್ದಕ್ಕೆ ಬರೆದುಕೊಂಡಿದ್ದೆ. ಅದನ್ನೆಲ್ಲ ಅಳಿಸಿ ಆರು ಸಾಲಿಗೆ ಇಳಿಸಿದೆ. ಕೊನೆಗೆ ಒಂದು ಪ್ರಶ್ನೆ: 'ನಿಮ್ಮ ಕೈಯಲ್ಲಿ ಸತ್ತ ಗಿಡ ಯಾವುದು? ಹೆಸರು ಬರೆದರೆ ಸಾಕು. ಕನ್ನಡ, ಇಂಗ್ಲಿಷ್, ಕಂಗ್ಲಿಷ್ ಯಾವುದಾದರೂ ಸರಿ.' ಆ ಕೊನೆಯ ವಾಕ್ಯ ಸಣ್ಣದಲ್ಲ. ಕನ್ನಡದಲ್ಲಿ ಬಂದ ಪತ್ರಕ್ಕೆ ಕನ್ನಡದಲ್ಲೇ, ತಪ್ಪಿಲ್ಲದೆ ಬರೆಯಬೇಕು ಅನ್ನೋ ಮುಜುಗರ ಬಹಳ ಜನಕ್ಕಿರುತ್ತದೆ. ಹಳೆಯ 312 ಜನಕ್ಕೂ ಅದೇ ಪ್ರಶ್ನೆ ಕಳಿಸಿದೆ. ಉತ್ತರ ಸುರಿಯಿತು. 'karibevu. 3 sala.' 'ಗುಲಾಬಿ, ತಂದ ವಾರಕ್ಕೇ.' 'ತುಳಸಿ ಮೇಡಂ, ಯಾರಿಗೂ ಹೇಳಬೇಡಿ.' ಎಲ್ಲಕ್ಕಿಂತ ಹೆಚ್ಚು ಬಂದದ್ದು ಕರಿಬೇವು.

ಹಾಗೆ ಹುಟ್ಟಿದ್ದು ಎಂಟನೆಯ ಪತ್ರ. ಅಲ್ಲಿಯವರೆಗೆ ಸಬ್ಜೆಕ್ಟ್ ಸಾಲಿನಲ್ಲಿ 'ಶನಿವಾರದ ಪತ್ರ, ಸಂಚಿಕೆ 7' ಅಂತೆಲ್ಲ ಬರೆಯುತ್ತಿದ್ದೆ. ಸಂಚಿಕೆಯ ನಂಬರಿನಿಂದ ಓದುಗರಿಗೆ ಏನಾಗಬೇಕು? ಈ ಸಲ 'ಕರಿಬೇವು ಯಾಕೆ ಸಾಯುತ್ತೆ?' ಅಂತ ಇಟ್ಟೆ. ಫೋನಿನ ಪರದೆಯಲ್ಲಿ ಸಬ್ಜೆಕ್ಟ್ ಸಾಲು ಬೇಗ ತುಂಡಾಗುತ್ತದೆ. ನಮ್ಮ ಪದಗಳೂ ಉದ್ದ. ಮೂರು ನಾಲ್ಕು ಪದದಲ್ಲಿ ಹೇಳಿ ಮುಗಿಸದಿದ್ದರೆ ಮುಖ್ಯವಾದ ಪದವೇ ಚುಕ್ಕಿಗಳ ಹಿಂದೆ ಅಡಗಿಬಿಡುತ್ತದೆ. ಕಳಿಸುವವರ ಹೆಸರಿನ ಜಾಗದಲ್ಲೂ ಪೇಜಿನ ಹೆಸರು ತೆಗೆದು ನನ್ನ ಹೆಸರು ಹಾಕಿದೆ. ಅಂಗಡಿಗೆ ಯಾರು ಉತ್ತರ ಬರೆಯುತ್ತಾರೆ?

ಪತ್ರ ಶುರುವಾದದ್ದು ಓದುಗರೊಬ್ಬರ ಮಾತಿನಿಂದಲೇ. ಹೆಸರು ಬಿಟ್ಟು, ಕೇಳಿಯೇ ಹಾಕಿದ್ದು. ಹಾಸನದ ಒಬ್ಬರು ಮೂರು ಗಿಡ ತಂದಿದ್ದರು. ಯಾರೋ ಹೇಳಿದರು ಅಂತ ವಾರಕ್ಕೊಮ್ಮೆ ಹುಳಿ ಮಜ್ಜಿಗೆಯನ್ನೂ ಹಾಕಿದ್ದರು. ಮೂರೂ ಚಳಿಗಾಲದಲ್ಲೇ ಹೋದವು. ಚಳಿಯಲ್ಲಿ ಕರಿಬೇವು ಬೆಳೆಯುವುದನ್ನು ಬಹುಪಾಲು ನಿಲ್ಲಿಸುತ್ತದೆ, ಎಲೆ ಉದುರಿಸುತ್ತದೆ. ಎಲೆ ಉದುರಿತು ಅಂತ ನಾವು ಗಾಬರಿಯಾಗಿ ಇನ್ನೊಂದು ಚೊಂಬು ನೀರು ಹಾಕುತ್ತೇವೆ. ಬೇರು ಕೊಳೆಯುತ್ತದೆ. ಇಷ್ಟೇ ವಿಷಯ, ಒಂದೇ ಫೋಟೊ. ಒಟ್ಟು ನಾನೂರೈವತ್ತು ಪದ ಇರಬಹುದು. ಕೊನೆಗೆ ಪ್ರಶ್ನೆ: 'ನಿಮ್ಮ ಕರಿಬೇವಿನ ಕುಂಡದ ತಳದಲ್ಲಿ ಎಷ್ಟು ತೂತಿದೆ? ಒಂದು ಸಂಖ್ಯೆ ಬರೆದು ಕಳಿಸಿ.'

ಭಾನುವಾರ ರಾತ್ರಿಯೊಳಗೆ 58 ಉತ್ತರ. ಬಹಳಷ್ಟು ಬರೀ '1'. ಕೆಲವು '4', '5'. ಒಬ್ಬರು ಬರೆದಿದ್ದರು, '0. ಈಗಷ್ಟೇ ಎದ್ದು ಹೋಗಿ ನೋಡಿದೆ.'

ಆ ಉತ್ತರವನ್ನು ಎಷ್ಟು ಸಲ ಓದಿದೆನೋ. ಶನಿವಾರ ಬೆಳಿಗ್ಗೆ ಒಬ್ಬರು ಕಾಫಿ ಕೆಳಗಿಟ್ಟು, ಮೆಟ್ಟಿಲು ಹತ್ತಿ, ಕುಂಡ ಓರೆ ಮಾಡಿ ಬಗ್ಗಿ ನೋಡಿದ್ದಾರೆ! ನನ್ನ ಯಾವ ರೀಲ್ಸ್‌ಗೂ ಯಾರೂ ಹೀಗೆ ಎದ್ದು ಹೋಗಿದ್ದು ಗೊತ್ತಿಲ್ಲ. ಆಮೇಲಿಂದ ಪ್ರಶ್ನೆ ಬರೆಯುವಾಗ ಎರಡು ವಿಷಯ ನೋಡುತ್ತೇನೆ. ಉತ್ತರ ಒಂದು ಪದದಲ್ಲೋ ಸಂಖ್ಯೆಯಲ್ಲೋ ಮುಗಿಯಬೇಕು. ಮತ್ತು ಅದು ಅವರಿಗೆ ಮಾತ್ರ ಗೊತ್ತಿರುವ ಸಂಗತಿ ಆಗಿರಬೇಕು, ನಾನು ಗೂಗಲ್ ಮಾಡಿದರೂ ಸಿಗಬಾರದು. ಒಂದೇ ಪದ ಸಾಕು ಅಂದರೂ ಅರ್ಧಕ್ಕರ್ಧ ಜನ ಒಂದು ಪ್ಯಾರಾ ಬರೆಯುತ್ತಾರೆ. 'ನಾಲ್ಕು ಸಾಲು ಬರೆಯಿರಿ' ಅಂದರೆ ಒಬ್ಬರೂ ಬರೆಯುವುದಿಲ್ಲ. ಯಾಕೆ ಹೀಗೋ!

ಮುಂದಿನ ವಾರದ ಪತ್ರ ತಾನಾಗಿಯೇ ಬಂತು: 'ಒಂದೇ ತೂತಿನ ಕುಂಡ'. ಪ್ಲಾಸ್ಟಿಕ್ ಕುಂಡಕ್ಕೆ ಕಾದ ಮೊಳೆಯಿಂದ ತೂತು ಮಾಡುವುದು, ಮಣ್ಣಿನ ಕುಂಡವನ್ನು ನೆನೆಸಿಟ್ಟು ನಿಧಾನಕ್ಕೆ ಕೊರೆಯುವುದು. 58ರ ಲೆಕ್ಕವನ್ನೂ ಹಾಕಿದೆ. ಉತ್ತರ ಬರೆದವರು ತಮ್ಮ ಸಂಖ್ಯೆ ಆ ಲೆಕ್ಕದಲ್ಲಿ ಇದೆ ಅಂತ ನೋಡಿಕೊಂಡರು. ಇನ್‌ಸ್ಟಾಗ್ರಾಂನಲ್ಲೂ ಅದನ್ನೇ ಹಾಕಿದೆ: 'ಪತ್ರದ 58 ಓದುಗರು ಕುಂಡ ತಿರುಗಿಸಿ ನೋಡಿದರು. ಏನು ಸಿಕ್ಕಿತು ಅಂತ ಶನಿವಾರ ಬರೆಯುತ್ತೇನೆ.' ಲಿಂಕ್ ಬೇಕು ಅಂದವರಿಗೆ ಮತ್ತೆ ಮೆಸೇಜ್. 'ಸಬ್‌ಸ್ಕ್ರೈಬ್ ಆಗಿ' ಅನ್ನುವ ಮಾತನ್ನೇ ಬಿಟ್ಟೆ. ಒಳಗೆ ಏನೋ ನಡೀತಿದೆ ಅಂತ ಕಂಡರೆ ಜನ ಇಣುಕುತ್ತಾರೆ.

ಹನ್ನೆರಡನೆಯ ಪತ್ರಕ್ಕೆ ಮಾತ್ರ ಮತ್ತೆ ಸೊನ್ನೆ. ಗೊಬ್ಬರದ ಬಗ್ಗೆ ಉದ್ದದ ಪತ್ರ, ಎರಡು ಸಾವಿರ ಪದ, ಕಷ್ಟಪಟ್ಟು ಬರೆದದ್ದು. ಪ್ರಶ್ನೆಯೂ ಚೆನ್ನಾಗಿತ್ತು. ನನ್ನ ಫೋನಿನಲ್ಲಿ ಪತ್ರ ತೆರೆದು ಕೆಳಗೆ ಹೋದಾಗ ಕಾರಣ ಸಿಕ್ಕಿತು. ಅರ್ಧದಲ್ಲೇ `[Message clipped]` ಅಂತ ಇತ್ತು. ಪತ್ರ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನು ಮಡಚಿ ಇಡುತ್ತದೆ. ಫೋಟೊಗಳ ತೂಕ ಇದರಲ್ಲಿ ಸೇರುವುದಿಲ್ಲ, ಅವು ಬೇರೆ ಕಡೆಯಿಂದ ಬರುತ್ತವೆ. ಲೆಕ್ಕಕ್ಕೆ ಬರುವುದು ಬರಹ ಮತ್ತು ಅದರ ಹಿಂದಿನ ಕೋಡ್. ಇಲ್ಲಿ ಕನ್ನಡಕ್ಕೆ ಒಂದು ತೊಡಕಿದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ 'ಕ' ಗೆ ಮೂರು ಬೈಟ್. 'ಕ್ಷ' ಗೆ ಒಂಬತ್ತು, ಏಕೆಂದರೆ ಅದರೊಳಗೆ ಮೂರು ತುಂಡುಗಳಿವೆ. ಸಾಲದ್ದಕ್ಕೆ ನಾನು ವರ್ಡ್ ಫೈಲಿನಿಂದ ಕಾಪಿ ಮಾಡಿ ಅಂಟಿಸಿದ್ದೆ. ಕಣ್ಣಿಗೆ ಕಾಣದ ಫಾರ್ಮ್ಯಾಟಿಂಗ್ ಕಸವೆಲ್ಲ ಜೊತೆಗೇ ಬಂದಿತ್ತು.

ನನ್ನ ಪ್ರಶ್ನೆ ಆ ಮಡಿಕೆಯ ಕೆಳಗೆ ಉಳಿದುಹೋಗಿತ್ತು. ಪತ್ರ ಬೇಡ ಅನ್ನುವವರು ಒತ್ತುವ ಲಿಂಕ್ ಕೂಡ ಅಲ್ಲೇ ಇತ್ತು. ಅದು ಇನ್ನೂ ಅಪಾಯ. ಆ ಲಿಂಕ್ ಸಿಗದವರು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಸ್ಪ್ಯಾಮ್ ದೂರು ಶೇಕಡಾ 0.3 ಮುಟ್ಟಬಾರದು, 0.1ರ ಕೆಳಗಿದ್ದರೆ ಒಳ್ಳೆಯದು ಅಂತ ಜಿಮೇಲ್ ಹೇಳುತ್ತದೆ. ನನ್ನ 312 ಜನರಲ್ಲಿ ಒಬ್ಬರೇ ಒಬ್ಬರು ಒತ್ತಿದರೂ 0.32 ಆಯಿತು! ಆ ವಾರದಿಂದ ಬರಹವನ್ನು ಮೊದಲು ನೋಟ್‌ಪ್ಯಾಡ್‌ಗೆ ಅಂಟಿಸಿ, ಅಲ್ಲಿಂದ ತೆಗೆದು ಹಾಕುತ್ತೇನೆ. ಶುಕ್ರವಾರ ರಾತ್ರಿ ನನ್ನ ಜಿಮೇಲ್‌ಗೆ ಒಂದು ಪ್ರತಿ ಕಳಿಸಿ ಕೊನೆಯವರೆಗೂ ಓದುತ್ತೇನೆ.

ಹಾಗೆಂದು ಸ್ಪ್ಯಾಮ್ ವಿಷಯದಲ್ಲಿ ನಾನೇನೂ ಪತಿವ್ರತೆ ಅಲ್ಲ. ಒಮ್ಮೆ ಒಂದು ಕಾರ್ಯಾಗಾರ ಮಾಡಿದಾಗ ಹಾಜರಿ ಪುಸ್ತಕದಲ್ಲಿದ್ದ ಮೂವತ್ತು ವಿಳಾಸಗಳನ್ನು ಕೇಳದೆಯೇ ಸೇರಿಸಿದ್ದೆ. ಮಣ್ಣು ಕಲಸಲು ಬಂದವರು ಪತ್ರ ಕೇಳಿರಲಿಲ್ಲವಲ್ಲ. ಮುಂದಿನೆರಡು ವಾರ ನನ್ನ ಪತ್ರ ಅತ್ತಿಗೆಯ ಸ್ಪ್ಯಾಮ್‌ನಲ್ಲೇ ಬಿದ್ದಿತು. ಮೂವತ್ತನ್ನೂ ತೆಗೆದೆ. ಜೊತೆಗೆ ಇನ್ನೊಂದು ತಪ್ಪನ್ನೂ ಸರಿಮಾಡಿದೆ. ಅಲ್ಲಿಯವರೆಗೆ ಕಳಿಸುವ ವಿಳಾಸವಾಗಿ ನನ್ನ ಜಿಮೇಲನ್ನೇ ಕೊಟ್ಟಿದ್ದೆ. ಪತ್ರ ಹೊರಡುವುದು ಬೇರೆ ಸೇವೆಯ ಸರ್ವರ್‌ನಿಂದ, ಮೇಲಿನ ಹೆಸರು ಜಿಮೇಲ್‌ದು. ತೆಗೆದುಕೊಳ್ಳುವ ಕಡೆಯವರಿಗೆ ಇದು ಸುಳ್ಳು ವಿಳಾಸದ ಲಕೋಟೆಯ ಹಾಗೆ ಕಾಣುತ್ತದೆ. ಸ್ವಂತ ಡೊಮೈನ್ ಕೊಂಡು, 'ಈ ಸೇವೆ ನನ್ನ ಪರವಾಗಿ ಕಳಿಸಬಹುದು' ಅಂತ ಹೇಳುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳನ್ನು ಅದರ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿದೆ. ಹೆಸರು ಕೇಳಿ ಹೆದರಿದ್ದೆ. ಸೇವೆಯವರು ಕೊಟ್ಟ ಸಾಲುಗಳನ್ನು ಅಂಟಿಸುವುದಷ್ಟೇ, ಒಂದು ಮಧ್ಯಾಹ್ನದ ಕೆಲಸ.

ಎಷ್ಟು ಜನ ಪತ್ರ ತೆರೆದರು ಅಂತ ತೋರಿಸುವ ಅಂಕಿಯನ್ನು ಮೊದಲು ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ಈಗ ಅಷ್ಟಿಲ್ಲ. ಪತ್ರದಲ್ಲಿ ಕಣ್ಣಿಗೆ ಕಾಣದ ಒಂದು ಚುಕ್ಕಿ ಚಿತ್ರ ಇರುತ್ತದೆ. ಅದು ಲೋಡ್ ಆದರೆ 'ತೆರೆದರು' ಅಂತ ಲೆಕ್ಕ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಗೌಪ್ಯತೆಯ ಒಂದು ಸೌಲಭ್ಯ ತಂದಿತು. ಅದನ್ನು ಹಾಕಿಕೊಂಡವರ ಪತ್ರದ ಚಿತ್ರಗಳು, ಅವರು ನೋಡಲಿ ಬಿಡಲಿ, ಮೊದಲೇ ಲೋಡ್ ಆಗಿಬಿಡುತ್ತವೆ. ಅಮೆರಿಕದಲ್ಲಿರುವ ನನ್ನ ಗೆಳತಿ ಪ್ರತಿ ಪತ್ರವನ್ನೂ ತಪ್ಪದೆ ತೆರೆದಿದ್ದಾಳೆ ಅಂತ ಅಂಕಿ ಹೇಳುತ್ತಿತ್ತು. ಖುಷಿಯಿಂದ ಫೋನ್ ಮಾಡಿದರೆ, 'ಅಯ್ಯೋ, ಒಂದು ತಿಂಗಳಿಂದ ಒಂದೂ ಓದಿಲ್ಲ ಕಣೇ' ಅಂದಳು. ಚಿತ್ರಗಳನ್ನು ಆಫ್ ಮಾಡಿಕೊಂಡವರ ಕಥೆ ಉಲ್ಟಾ. ಅವರು ಪೂರ್ತಿ ಓದಿದರೂ ಲೆಕ್ಕಕ್ಕಿಲ್ಲ. ಅಂಕಿ ಒಂದು ವಾರ ಇದ್ದಕ್ಕಿದ್ದಂತೆ ಅರ್ಧಕ್ಕಿಳಿದರೆ ಪತ್ರ ಸ್ಪ್ಯಾಮ್‌ಗೆ ಹೋಗಿರಬಹುದು ಅಂತ ಹುಡುಕಬೇಕು. ಅದಕ್ಕಿಂತ ಹೆಚ್ಚಿನ ಅರ್ಥ ನಾನು ಅದರಲ್ಲಿ ಹುಡುಕುವುದಿಲ್ಲ. ಒಂದು ಪುಸ್ತಕದಲ್ಲಿ ವಾರವಾರ ಉತ್ತರಗಳ ಸಂಖ್ಯೆ ಮಾತ್ರ ಬರೆದಿಡುತ್ತೇನೆ. ಹಾಗಾಗಿಯೇ, ಮೂರು ತಿಂಗಳಿಂದ ತೆರೆಯದವರನ್ನು ಸುಮ್ನೆ ತೆಗೆದು ಹಾಕುವುದೂ ಇಲ್ಲ. 'ಪತ್ರ ಇನ್ನೂ ಬೇಕಾ? ಹೂಂ ಅಂತ ಬರೆದರೆ ಸಾಕು' ಅಂತ ಎರಡು ಸಲ ಕೇಳಿ, ಆಮೇಲೆ ತೆಗೆಯುತ್ತೇನೆ.

ಇದಕ್ಕೆ ಹಿಡಿಯುವ ಸಮಯವನ್ನೂ ಹೇಳಿಬಿಡಬೇಕು. ಪತ್ರ ಬರೆಯಲು ಎರಡು ಗಂಟೆ ಸಾಕು. ಉತ್ತರಗಳಿಗೆ ಉತ್ತರ ಬರೆಯಲು ಮೂರು, ಕೆಲವೊಮ್ಮೆ ನಾಲ್ಕು ಗಂಟೆ ಬೇಕು. ಭಾನುವಾರದಿಂದ ಮಂಗಳವಾರದವರೆಗೆ, ಅಡುಗೆ ಮುಗಿಸಿ ಕೂರುತ್ತೇನೆ. ಈಗ ಪಟ್ಟಿಯಲ್ಲಿ 900 ಚಿಲ್ಲರೆ ಜನ ಇದ್ದಾರೆ. ಒಬ್ಬಳೇ ಎಲ್ಲರಿಗೂ ಉತ್ತರ ಕೊಡಲು ಇದು ಹೆಚ್ಚುಕಡಿಮೆ ಕೊನೆ. ಐದು ಸಾವಿರ ಆದರೆ ಹೀಗೆ ನಡೆಯುವುದಿಲ್ಲ. ಆಗ ವಾರಕ್ಕೆ ಹತ್ತು ಪತ್ರ ಆರಿಸಿ ಮುಂದಿನ ಪತ್ರದೊಳಗೇ ಉತ್ತರ ಕೊಡಬೇಕಾಗಬಹುದು. ಅಲ್ಲಿಯವರೆಗೆ ಹೀಗೇ.

ಮಂಡ್ಯದ ಆ ಟೊಮೇಟೊದವರು ನನ್ನ ಕ್ಷಮೆಯ ಪತ್ರಕ್ಕೆ ಏನೂ ಬರೆಯಲಿಲ್ಲ. ಪಟ್ಟಿಯಿಂದ ಹೊರಗೂ ಹೋಗಲಿಲ್ಲ. ತೂತಿನ ಪ್ರಶ್ನೆಗೂ ಮೌನ, ಗೊಬ್ಬರಕ್ಕೂ ಮೌನ. ಮೊನ್ನೆ ಶನಿವಾರ ಏಳು ಗಂಟೆಗೆ ಅವರಿಂದ ಮೇಲ್ ಬಂತು. ನಾನು ಕೇಳಿದ್ದ ಪ್ರಶ್ನೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

'ಮೇಡಂ, ಟೊಮೇಟೊ ಎಲ್ಲ ಕಿತ್ತು ಹಾಕಿದ್ದಾಯ್ತು. ಈಗ ಬದನೆ ಹಾಕಿದ್ದೀನಿ. ಎಲೆ ತುಂಬ ತೂತು. ಇದಕ್ಕಾದ್ರೂ ಹೇಳ್ತೀರಾ?'

ಏಳೂ ಐದಕ್ಕೆ ಬರೆದೆ: 'ಹೇಳ್ತೀನಿ ಸರ್. ಎಲೆಯ ಹಿಂಭಾಗದ ಫೋಟೊ ಕಳಿಸಿ.'